ಚಂದ್ರನ ಮೇಲೆ ಎರಡು ಕಿಲೋ ಆದ ಹನ್ನೆರಡು ಕಿಲೋ: ದ್ರವ್ಯರಾಶಿ–ತೂಕಗಳ ಗೊಂದಲವನ್ನು ಉತ್ತರಪತ್ರಿಕೆಯಲ್ಲಿ ಗುರುತಿಸುವುದು

ಹತ್ತನೆಯ ಇಯತ್ತೆಯ ಗುರುತ್ವಾಕರ್ಷಣೆಯ ಪಾಠ ಮುಗಿದ ಮೇಲೆ ನಡೆಸುವ ಘಟಕ ಪರೀಕ್ಷೆಯಲ್ಲಿ ನಾವೆಲ್ಲರೂ ಒಂದಲ್ಲ ಒಂದು ರೂಪದಲ್ಲಿ ಕೇಳುವ ಪ್ರಶ್ನೆಯೊಂದಿದೆ: ‘ಭೂಮಿಯ ಮೇಲೆ 12 ಕಿ.ಗ್ರಾಂ. ದ್ರವ್ಯರಾಶಿಯುಳ್ಳ ವಸ್ತುವನ್ನು ಚಂದ್ರನ ಮೇಲೆ ಒಯ್ದರೆ ಅದರ ದ್ರವ್ಯರಾಶಿ ಎಷ್ಟು? ತೂಕ ಎಷ್ಟು?’ ಉತ್ತರ ಸರಳವಾದುದು. ದ್ರವ್ಯರಾಶಿ 12 ಕಿ.ಗ್ರಾಂ. ಆಗಿಯೇ ಉಳಿಯುತ್ತದೆ. ಭೂಮಿಯ ಮೇಲೆ 12 × 9.8 = 117.6 ನ್ಯೂಟನ್ ಇದ್ದ ತೂಕವು ಚಂದ್ರನ ಮೇಲೆ ಅದರ ಆರನೆಯ ಒಂದು ಭಾಗವಾಗಿ, ಸುಮಾರು 19.6 ನ್ಯೂಟನ್ ಆಗುತ್ತದೆ. ಪಾಠದಲ್ಲಿ ಇದನ್ನು ಸ್ಪಷ್ಟವಾಗಿಯೇ ಹೇಳಿರುತ್ತೇವೆ, ಫಲಕದ ಮೇಲೆ ಬರೆಸಿರುತ್ತೇವೆ. ಆದರೂ ಉತ್ತರಪತ್ರಿಕೆಗಳನ್ನು ತೆರೆದಾಗ ‘ಚಂದ್ರನ ಮೇಲೆ ದ್ರವ್ಯರಾಶಿ 2 ಕಿ.ಗ್ರಾಂ.’ ಎಂಬ ವಾಕ್ಯವು ಮತ್ತೆ ಮತ್ತೆ ಎದುರಾಗುತ್ತದೆ.

ಇಂಥ ಉತ್ತರಕ್ಕೆ ಕೆಂಪು ಗೆರೆ ಎಳೆದು, ‘ದ್ರವ್ಯರಾಶಿ ಬದಲಾಗುವುದಿಲ್ಲ’ ಎಂದು ಪಕ್ಕದಲ್ಲಿ ಬರೆದು ಮುಂದೆ ಹೋಗುವುದು ರೂಢಿ. ಹಲವು ವರ್ಷ ನಾನೂ ಹಾಗೆಯೇ ಮಾಡಿದೆ. ಮುಂದಿನ ಪರೀಕ್ಷೆಯಲ್ಲಿ ಅದೇ ವಿದ್ಯಾರ್ಥಿ ಅದೇ ತಪ್ಪನ್ನು ಮಾಡಿದಾಗ ಮಾತ್ರ ಒಂದು ಸಂಗತಿ ಅರಿವಾಯಿತು. ‘2 ಕಿ.ಗ್ರಾಂ.’ ಎಂಬ ಒಂದೇ ಉತ್ತರಕ್ಕೆ ಬೇರೆ ಬೇರೆ ಮಕ್ಕಳು ಬೇರೆ ಬೇರೆ ದಾರಿಗಳಿಂದ ಬಂದಿರುತ್ತಾರೆ. ದಾರಿ ಯಾವುದೆಂದು ತಿಳಿಯದೆ ತಿದ್ದಿದರೆ ಆ ತಿದ್ದುಪಡಿ ನಾಟುವುದಿಲ್ಲ. ಸುದೈವದಿಂದ, ದ್ರವ್ಯರಾಶಿಯ ಸಾಲಿನ ಕೆಳಗೆ ವಿದ್ಯಾರ್ಥಿಯು ತೂಕದ ಬಗ್ಗೆ ಬರೆದ ಸಾಲೇ ಆ ದಾರಿಯನ್ನು ತೋರಿಸಿಕೊಡುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಓದಬೇಕು.

ಒಂದು ತಪ್ಪು, ಹಲವು ಮೂಲ

ಮೊದಲನೆಯ ಬಗೆಯ ಉತ್ತರ ಹೀಗಿರುತ್ತದೆ: ‘ದ್ರವ್ಯರಾಶಿ 2 ಕಿ.ಗ್ರಾಂ., ತೂಕ 2 ಕಿ.ಗ್ರಾಂ.’ ಇಲ್ಲಿ ವಿದ್ಯಾರ್ಥಿಗೆ ಎರಡು ಪದಗಳಿವೆ, ಆದರೆ ಪರಿಕಲ್ಪನೆ ಒಂದೇ. ದ್ರವ್ಯರಾಶಿ ಎಂಬುದು ತೂಕಕ್ಕೆ ಪುಸ್ತಕದವರು ಇಟ್ಟ ಇನ್ನೊಂದು ಹೆಸರು ಎಂದು ಅವನು ತಿಳಿದಿದ್ದಾನೆ. ಏಕಮಾನವೂ ಒಂದೇ ಆಗಿರುವುದು ಇದರ ಗುರುತು.

ಎರಡನೆಯ ಬಗೆ ವಿಚಿತ್ರವಾದುದು: ‘ದ್ರವ್ಯರಾಶಿ 2 ಕಿ.ಗ್ರಾಂ., ತೂಕ 117.6 ನ್ಯೂಟನ್.’ ಈ ವಿದ್ಯಾರ್ಥಿಗೆ ಎರಡು ಪರಿಮಾಣಗಳು ಬೇರೆ ಎಂದು ಗೊತ್ತು. ಒಂದು ಬದಲಾಗುತ್ತದೆ, ಮತ್ತೊಂದು ಬದಲಾಗುವುದಿಲ್ಲ ಎಂಬುದೂ ಗೊತ್ತು. ಹೆಸರುಗಳು ಮಾತ್ರ ಅದಲು ಬದಲಾಗಿವೆ. ಇವನ ತಪ್ಪು ವಿಜ್ಞಾನದ್ದಲ್ಲ, ಪದದ್ದು. ಇವನಿಗೆ ಮತ್ತೆ ಇಡೀ ಪಾಠ ಬೋಧಿಸುವ ಅಗತ್ಯವಿಲ್ಲ.

ಮೂರನೆಯ ಬಗೆ: ‘ದ್ರವ್ಯರಾಶಿ 2 ಕಿ.ಗ್ರಾಂ., ತೂಕ 2 × 1.6 = 3.2 ನ್ಯೂಟನ್.’ ಇದನ್ನು ಬರೆದವಳು ಸಾಮಾನ್ಯವಾಗಿ ತರಗತಿಯ ಜಾಣ ವಿದ್ಯಾರ್ಥಿನಿಯೇ ಆಗಿರುತ್ತಾಳೆ. ತೂಕವು ಬಲವೆಂದು ಅವಳಿಗೆ ಗೊತ್ತು, W = m × g ಎಂಬ ಸೂತ್ರ ಗೊತ್ತು, ಚಂದ್ರನ g ಬೆಲೆಯೂ ಗೊತ್ತು. ಆದರೆ ಚಂದ್ರನ ಪ್ರಭಾವವನ್ನು ಎರಡು ಬಾರಿ ಲೆಕ್ಕಕ್ಕೆ ಹಿಡಿದಿದ್ದಾಳೆ: m ನಲ್ಲಿ ಒಮ್ಮೆ, g ನಲ್ಲಿ ಮತ್ತೊಮ್ಮೆ. ಹೀಗೆ ಅವಳ ತೂಕವು ಆರನೆಯ ಒಂದು ಭಾಗವಾಗದೆ ಮೂವತ್ತಾರನೆಯ ಒಂದು ಭಾಗವಾಯಿತು. ‘ಭೂಮಿಯ ಮೇಲಿನ ತೂಕವನ್ನು ನಿನ್ನ ಉತ್ತರದಿಂದ ಭಾಗಿಸಿ ನೋಡು’ ಎಂದರೆ ಸಾಕು, 117.6 ಅನ್ನು 3.2 ರಿಂದ ಭಾಗಿಸುವಾಗಲೇ ಅವಳು ನಿಂತುಬಿಡುತ್ತಾಳೆ.

ಇಲ್ಲಿ ಒಂದು ಚಿಕ್ಕ ಎಚ್ಚರಿಕೆ. 12 × 1.6 ಎಂದು ಮಾಡಿದವರಿಗೆ 19.2 ಬರುತ್ತದೆ, 117.6 ಅನ್ನು ಆರರಿಂದ ಭಾಗಿಸಿದವರಿಗೆ 19.6 ಬರುತ್ತದೆ. ಇದು ದಶಮಾಂಶವನ್ನು ಸಮೀಪಿಸಿದ್ದರಿಂದ ಬಂದ ವ್ಯತ್ಯಾಸವೇ ಹೊರತು ತಿಳಿವಳಿಕೆಯ ವ್ಯತ್ಯಾಸವಲ್ಲ. ಎರಡಕ್ಕೂ ಪೂರ್ಣ ಅಂಕ ಸಲ್ಲಬೇಕು.

ನಾಲ್ಕನೆಯ ಬಗೆಯಲ್ಲಿ ಸಂಖ್ಯೆಯೇ ಇರುವುದಿಲ್ಲ: ‘ಚಂದ್ರನ ಮೇಲೆ ಗಾಳಿ ಇಲ್ಲ, ಆದ್ದರಿಂದ ಗುರುತ್ವ ಇಲ್ಲ, ವಸ್ತು ತೇಲುತ್ತದೆ, ದ್ರವ್ಯರಾಶಿ ಸೊನ್ನೆ.’ ಗಾಳಿಯೇ ವಸ್ತುಗಳನ್ನು ನೆಲಕ್ಕೆ ಒತ್ತಿ ಹಿಡಿದಿದೆ ಎಂಬ ಭಾವನೆ ಮಕ್ಕಳಲ್ಲಿ ನಾವು ಎಣಿಸುವುದಕ್ಕಿಂತ ಆಳವಾಗಿದೆ. ಬಾಹ್ಯಾಕಾಶ ಯಾನಿಗಳು ನೌಕೆಯೊಳಗೆ ತೇಲುವ ಚಿತ್ರಗಳನ್ನೂ ಚಂದ್ರನ ಮೇಲೆ ನಡೆಯುವ ಚಿತ್ರಗಳನ್ನೂ ಅವರು ಒಂದಾಗಿಯೇ ನೆನಪಿಟ್ಟುಕೊಂಡಿರುತ್ತಾರೆ. ಇವರೊಡನೆ ದ್ರವ್ಯರಾಶಿಯ ಮಾತಿಗಿಂತ ಮೊದಲು ಚಂದ್ರನಿಗೂ ಆಕರ್ಷಣೆಯಿದೆ ಎಂಬುದನ್ನು ಸ್ಥಿರಪಡಿಸಬೇಕಾಗುತ್ತದೆ. ಅಲ್ಲಿ ಮೇಲಕ್ಕೆ ನೆಗೆದವನು ನಿಧಾನವಾಗಿಯಾದರೂ ಕೆಳಗೆ ಬಂದೇ ಬರುತ್ತಾನೆ.

ಇನ್ನೊಂದು ಮೂಲವಿದೆ, ಅದಕ್ಕೆ ಕಾರಣ ನಮ್ಮ ಪಾಠವೇ. ಚಂದ್ರನ ಮೇಲೆ ತೂಕವು ಏಕೆ ಆರನೆಯ ಒಂದು ಭಾಗ ಎಂದು ವಿವರಿಸುವಾಗ ನಾವು ‘ಚಂದ್ರನ ದ್ರವ್ಯರಾಶಿ ಭೂಮಿಯ ದ್ರವ್ಯರಾಶಿಯ 81 ರಲ್ಲಿ ಒಂದು ಭಾಗ, ಅದರ ತ್ರಿಜ್ಯ 3.7 ರಲ್ಲಿ ಒಂದು ಭಾಗ’ ಎಂದು ಹೇಳುತ್ತೇವೆ. 3.7 ರ ವರ್ಗ 13.69, ಅದನ್ನು 81 ರಿಂದ ಭಾಗಿಸಿದರೆ 0.169, ಅಂದರೆ ಸುಮಾರಾಗಿ ಆರನೆಯ ಒಂದು ಭಾಗ. ಲೆಕ್ಕ ಸರಿ. ಆದರೆ ‘ಚಂದ್ರನ ಮೇಲೆ’, ‘ದ್ರವ್ಯರಾಶಿ’, ‘ಕಡಿಮೆ’ ಎಂಬ ಮೂರು ಮಾತುಗಳು ಒಂದೇ ವಾಕ್ಯದಲ್ಲಿ ಬಂದಾಗ, ಕಡಿಮೆಯಾದದ್ದು ಯಾರ ದ್ರವ್ಯರಾಶಿ ಎಂಬುದು ಹಿಂದಿನ ಸಾಲಿನಲ್ಲಿ ಕುಳಿತವನಿಗೆ ಉಳಿಯುವುದಿಲ್ಲ. ಸೂತ್ರದಲ್ಲಿ ದೊಡ್ಡ M ಮತ್ತು ಚಿಕ್ಕ m ಎರಡೂ ಇರುವಾಗ ಫಲಕದ ಮೇಲೆ ನಮ್ಮ ಕೈಬರಹವು ಅವೆರಡನ್ನೂ ಒಂದೇ ಗಾತ್ರಕ್ಕೆ ತಂದಿರುತ್ತದೆ. ‘ಚಂದ್ರನೆಂಬ ಗೋಳದ ದ್ರವ್ಯರಾಶಿ’ ಮತ್ತು ‘ನಾವು ಒಯ್ದ ವಸ್ತುವಿನ ದ್ರವ್ಯರಾಶಿ’ ಎಂದು ಪ್ರತಿ ಸಲವೂ ಪೂರ್ತಿಯಾಗಿ ಹೇಳುವುದು ಬೇಸರದ ಕೆಲಸವಾದರೂ ಅದಕ್ಕೆ ಬದಲಿಯಿಲ್ಲ.

ಪದಗಳ ಭಾರ

ನಮ್ಮ ಗಡಿ ಶಾಲೆಗಳಲ್ಲಿ ಈ ಗೊಂದಲಕ್ಕೆ ಭಾಷೆಯೂ ಕೈಗೂಡಿಸುತ್ತದೆ. ಅಕ್ಕಲಕೋಟೆ, ಜತ್ತ ಕಡೆಯ ಹಳ್ಳಿಗಳಲ್ಲಿ ‘ರಾಶಿ’ ಎಂದರೆ ಮೊದಲು ನೆನಪಾಗುವುದು ಜೋಳದ ಕಣ. ರಾಶಿ ಮಾಡುವುದು ಎಂದರೆ ತೆನೆ ಬಡಿದು, ತೂರಿ, ಕಾಳನ್ನು ಗುಡ್ಡೆ ಹಾಕುವುದು. ಹೀಗಾಗಿ ದ್ರವ್ಯರಾಶಿ ಎಂಬ ಪದವನ್ನು ಕೇಳಿದ ಮಗುವು ‘ದ್ರವ್ಯದ ಗುಡ್ಡೆ’ ಎಂದುಕೊಂಡರೆ ಆಶ್ಚರ್ಯವಿಲ್ಲ. ಈ ಅರ್ಥವು ಪೂರ್ತಿ ತಪ್ಪೂ ಅಲ್ಲ. ವಸ್ತುವಿನಲ್ಲಿ ಇರುವ ದ್ರವ್ಯದ ಪ್ರಮಾಣ ಎಂಬುದಕ್ಕೆ ಅದು ಹತ್ತಿರವೇ ಇದೆ. ತೊಡಕು ಬರುವುದು ಗುಡ್ಡೆಯ ಗಾತ್ರವನ್ನೇ ದ್ರವ್ಯರಾಶಿ ಎಂದು ತಿಳಿದಾಗ. ಒಂದು ಕಿಲೋ ಹತ್ತಿಯ ದ್ರವ್ಯರಾಶಿ ಒಂದು ಕಿಲೋ ಕಬ್ಬಿಣದ ದ್ರವ್ಯರಾಶಿಗಿಂತ ಹೆಚ್ಚು ಎಂದು ಬರೆಯುವ ಮಕ್ಕಳು ಇದೇ ದಾರಿಯವರು.

ತೂಕಕ್ಕಂತೂ ನಮ್ಮಲ್ಲಿ ಎರಡು ಮಾತುಗಳಿವೆ, ತೂಕ ಮತ್ತು ವಜನ. ಸಂತೆಯಲ್ಲಿ, ಸಕ್ಕರೆ ಕಾರಖಾನೆಯ ಕಾಟಾದ ಮುಂದೆ, ರೇಶನ್ ಅಂಗಡಿಯಲ್ಲಿ ವಜನವು ಯಾವಾಗಲೂ ಕಿಲೋ, ಕ್ವಿಂಟಲ್, ಟನ್‌ಗಳಲ್ಲಿಯೇ ಇರುತ್ತದೆ. ಮರಾಠಿ ವಿಜ್ಞಾನ ಪುಸ್ತಕದಲ್ಲಿ ವಸ್ತುಮಾನ ಮತ್ತು ವಜನ ಎಂಬ ಜೋಡಿಯಿದೆ. ಅಲ್ಲಿ ವಜನವನ್ನು ನ್ಯೂಟನ್‌ಗಳಲ್ಲಿ ಹೇಳುತ್ತಾರೆ. ಅಣ್ಣ ಮರಾಠಿ ಶಾಲೆಗೂ ತಂಗಿ ಕನ್ನಡ ಶಾಲೆಗೂ ಹೋಗುವ ಮನೆಯಲ್ಲಿ ವಸ್ತುಮಾನ, ವಜನ, ದ್ರವ್ಯರಾಶಿ, ತೂಕ ಎಂಬ ನಾಲ್ಕು ಪದಗಳು ಒಂದೇ ದೀಪದ ಕೆಳಗೆ ಸುಳಿದಾಡುತ್ತವೆ. ಇವುಗಳಲ್ಲಿ ಮೂರು ತೂಕಕ್ಕೇ ಸೇರಿದವು ಎಂದು ಮಗುವು ತೀರ್ಮಾನಿಸಿದರೆ ಆಗಲೇ ಹೇಳಿದ ಮೊದಲನೆಯ ಬಗೆಯ ತಪ್ಪು ಹುಟ್ಟುತ್ತದೆ. ಆದ್ದರಿಂದ ಪಾಠದ ಮೊದಲ ದಿನವೇ ವಸ್ತುಮಾನದ ಪಕ್ಕದಲ್ಲಿ ದ್ರವ್ಯರಾಶಿಯನ್ನೂ ವಜನದ ಪಕ್ಕದಲ್ಲಿ ತೂಕವನ್ನೂ ಬರೆಸಿಡುವುದು ಒಳ್ಳೆಯದು. ಹೈದರಾಬಾದಿನ ಕಡೆ ಬಂಧುಗಳಿರುವ ಮಕ್ಕಳಿದ್ದರೆ ಇನ್ನೊಂದು ಅನುಕೂಲವಿದೆ. ತೆಲುಗಿನಲ್ಲಿಯೂ ದ್ರವ್ಯರಾಶಿ ಎಂಬ ಪದವೇ ಇದೆ.

ಪ್ರಶ್ನೆಯ ಮಾತಿನಲ್ಲಿಯೂ ದೋಷವಿರಬಹುದು. ‘ಭೂಮಿಯ ಮೇಲೆ 60 ಕಿಲೋ ತೂಗುವ ಮನುಷ್ಯ ಚಂದ್ರನ ಮೇಲೆ ಎಷ್ಟು ತೂಗುತ್ತಾನೆ?’ ಎಂದು ಕೆಳಗಿನ ಇಯತ್ತೆಗಳಲ್ಲಿ ನಾವೇ ಕೇಳಿ, ‘10 ಕಿಲೋ’ ಎಂದವರನ್ನು ಹೊಗಳಿರುತ್ತೇವೆ. ಅದೇ ಮಗು ಹತ್ತನೆಯ ಇಯತ್ತೆಗೆ ಬಂದು ‘ದ್ರವ್ಯರಾಶಿ 10 ಕಿ.ಗ್ರಾಂ.’ ಎಂದು ಬರೆದರೆ ಅದು ನಾವು ಕಲಿಸಿದ್ದನ್ನೇ ಒಪ್ಪಿಸುತ್ತಿದೆ. ಕಿಲೋಗ್ರಾಂ ಇದ್ದಲ್ಲಿ ದ್ರವ್ಯರಾಶಿ, ನ್ಯೂಟನ್ ಇದ್ದಲ್ಲಿ ತೂಕ ಎಂಬ ನಿಯಮವನ್ನು ಪ್ರಶ್ನೆ ಬರೆಯುವ ನಾವು ಮೊದಲು ಪಾಲಿಸಬೇಕು. ಹಾಗೆಂದು ಸಂತೆಯವರ ಮಾತು ತಪ್ಪೆಂದು ಮಕ್ಕಳಿಗೆ ಹೇಳಬೇಕಾಗಿಲ್ಲ. ಸಂತೆಯಲ್ಲಿ ಕೊಳ್ಳುವವರಿಗೆ ಬೇಕಾದುದು ದ್ರವ್ಯದ ಪ್ರಮಾಣ, ಅದನ್ನು ಅವರು ತೂಕದ ಮೂಲಕ ತಿಳಿಯುತ್ತಾರೆ. ಎಲ್ಲ ಸಂತೆಗಳೂ ಒಂದೇ ಭೂಮಿಯ ಮೇಲಿರುವ ತನಕ ಇದರಿಂದ ಯಾರಿಗೂ ನಷ್ಟವಿಲ್ಲ.

ಚಂದ್ರನ ಮೇಲೊಂದು ಹಿಟ್ಟಿನ ಅಂಗಡಿ

ಹಾಗಾದರೆ ಸಂತೆಯನ್ನೇ ಚಂದ್ರನ ಮೇಲೆ ಒಯ್ಯೋಣ. ಈ ಗೊಂದಲವನ್ನು ಬಿಡಿಸುವುದಕ್ಕೆ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಕಲ್ಪನೆ.

ಭೂಮಿಯ ಮೇಲೆ ಅಳೆದು ಕಟ್ಟಿದ ಒಂದು ಕಿಲೋ ಜೋಳದ ಹಿಟ್ಟಿನ ಚೀಲವನ್ನು ಚಂದ್ರನ ಮೇಲಿನ ಅಂಗಡಿಗೆ ಒಯ್ದಿದ್ದೇವೆ. ಅಲ್ಲಿ ಎರಡು ಸಾಧನಗಳಿವೆ. ಒಂದು ಎರಡು ತಟ್ಟೆಗಳ ಹಳೆಯ ತಕ್ಕಡಿ, ಜೊತೆಗೆ ತೂಕದ ಕಲ್ಲುಗಳು. ಇನ್ನೊಂದು ಭೂಮಿಯಲ್ಲಿ ಸರಿಹೊಂದಿಸಿ ತಂದ ಇಲೆಕ್ಟ್ರಾನಿಕ್ ಕಾಟಾ. ಮೊದಲು ಮಕ್ಕಳಿಗೆ ಒಂದೇ ಪ್ರಶ್ನೆ: ತಕ್ಕಡಿಯ ಒಂದು ತಟ್ಟೆಯಲ್ಲಿ ಹಿಟ್ಟು, ಇನ್ನೊಂದರಲ್ಲಿ ಒಂದು ಕಿಲೋ ಕಲ್ಲು ಇಟ್ಟರೆ ಏನಾಗುತ್ತದೆ?

‘ದ್ರವ್ಯರಾಶಿ ಬದಲಾಗುವುದಿಲ್ಲ’ ಎಂದು ಪರೀಕ್ಷೆಯಲ್ಲಿ ಸರಿಯಾಗಿ ಬರೆದವರಲ್ಲಿಯೂ ಕೆಲವರು ಇಲ್ಲಿ ‘ಹಿಟ್ಟಿನ ತಟ್ಟೆ ಮೇಲೇಳುತ್ತದೆ’ ಎನ್ನುತ್ತಾರೆ. ಬಾಯಿಪಾಠವಾದ ಉತ್ತರವನ್ನು ತಿಳಿದ ಉತ್ತರದಿಂದ ಬೇರ್ಪಡಿಸಲು ಈ ಪ್ರಶ್ನೆ ಸಾಕು. ಚಂದ್ರನು ಹಿಟ್ಟನ್ನು ಮಾತ್ರ ಹಗುರಾಗಿಸಿ ಕಲ್ಲನ್ನು ಬಿಟ್ಟುಬಿಡುತ್ತಾನೆಯೇ ಎಂದು ಯಾರಾದರೊಬ್ಬರು ಕೇಳುವ ತನಕ ಕಾಯಬೇಕು. ನಾವೇ ಹೇಳಿಬಿಟ್ಟರೆ ಪ್ರಯೋಜನವಿಲ್ಲ. ಹಿಟ್ಟಿನ ತೂಕ 9.8 ನ್ಯೂಟನ್‌ನಿಂದ 1.6 ಕ್ಕೆ ಇಳಿದಂತೆ ಕಲ್ಲಿನ ತೂಕವೂ 9.8 ರಿಂದ 1.6 ಕ್ಕೆ ಇಳಿಯುತ್ತದೆ. ತಟ್ಟೆಗಳು ಸಮವಾಗಿಯೇ ನಿಲ್ಲುತ್ತವೆ. ತಕ್ಕಡಿಯು ಅಳೆಯುವುದು ತೂಕವನ್ನಲ್ಲ, ಎರಡು ದ್ರವ್ಯರಾಶಿಗಳನ್ನು ಹೋಲಿಸುವುದು ಅದರ ಕೆಲಸ ಎಂಬ ಮಾತು ಈಗ ಅರ್ಥವನ್ನು ಪಡೆಯುತ್ತದೆ.

ಮುಂದೆ ಅದೇ ಚೀಲವನ್ನು ಕಾಟಾದ ಮೇಲೆ ಇಡೋಣ. ಅದರೊಳಗಿನ ಲೋಹದ ತುಂಡು ತನ್ನ ಮೇಲೆ ಬಿದ್ದ ಬಲಕ್ಕೆ ತಕ್ಕಂತೆ ಅತ್ಯಲ್ಪವಾಗಿ ಬಾಗುತ್ತದೆ. ಆ ಬಾಗುವಿಕೆಯನ್ನು ವಿದ್ಯುತ್ತಿನ ಮೂಲಕ ಅಳೆದು, 9.8 ನ್ಯೂಟನ್ ಬಂದರೆ ‘1 ಕಿ.ಗ್ರಾಂ.’ ಎಂದು ತೋರಿಸುವಂತೆ ಅದನ್ನು ಭೂಮಿಯಲ್ಲಿ ಸರಿಹೊಂದಿಸಲಾಗಿದೆ. ಚಂದ್ರನ ಮೇಲೆ ಬಲವು 1.62 ನ್ಯೂಟನ್ ಮಾತ್ರ. ಆದ್ದರಿಂದ ಅದು ಸುಮಾರು 165 ಗ್ರಾಂ ಎಂದು ತೋರಿಸುತ್ತದೆ. ಕಾಟಾ ಕೆಟ್ಟಿಲ್ಲ, ಬಲವನ್ನು ಸರಿಯಾಗಿಯೇ ಅಳೆದಿದೆ. ಆ ಬಲವನ್ನು ಗ್ರಾಂಗಳಿಗೆ ತಿರುಗಿಸುವಾಗ ಬಳಸಿದ ಭೂಮಿಯ ಲೆಕ್ಕ ಮಾತ್ರ ಇಲ್ಲಿ ಹೊಂದುವುದಿಲ್ಲ. ಒಂದು ಕಿಲೋ ಕಲ್ಲನ್ನು ಅದರ ಮೇಲಿಟ್ಟು ಚಂದ್ರನಲ್ಲಿಯೇ ಹೊಸದಾಗಿ ಸರಿಹೊಂದಿಸಿದರೆ ಅದೂ ಹಿಟ್ಟನ್ನು ಒಂದು ಕಿಲೋ ಎಂದೇ ತೋರಿಸುತ್ತದೆ. ಸೂಕ್ಷ್ಮವಾದ ಪ್ರಯೋಗಾಲಯದ ತಕ್ಕಡಿಗಳನ್ನು ಒಂದು ಊರಿನಿಂದ ಇನ್ನೊಂದಕ್ಕೆ ಒಯ್ದಾಗ ಗೊತ್ತಿರುವ ದ್ರವ್ಯರಾಶಿಯನ್ನಿಟ್ಟು ಮತ್ತೆ ಸರಿಹೊಂದಿಸುವುದೂ ಇದೇ ಕಾರಣಕ್ಕೆ. g ಬೆಲೆ ಭೂಮಿಯ ಮೇಲೆಯೇ ವಿಷುವದ್ರೇಖೆಯ ಬಳಿ 9.78, ಧ್ರುವದ ಬಳಿ 9.83.

ಇನ್ನು ಕೊನೆಯ ಪ್ರಶ್ನೆ, ಮಕ್ಕಳು ನಗುತ್ತಾ ಉತ್ತರಿಸುವಂಥದ್ದು. ಭೂಮಿಯಲ್ಲಿ ಆ ಒಂದು ಕಿಲೋ ಹಿಟ್ಟಿನಿಂದ ಹತ್ತು ರೊಟ್ಟಿ ಆಗುವುದಾದರೆ ಚಂದ್ರನ ಮೇಲೆ ಎಷ್ಟು ಆಗುತ್ತವೆ? ಹತ್ತೇ. ರೊಟ್ಟಿ ಕೈಗೆ ಹಗುರವೆನಿಸಬಹುದು, ಹಸಿವೆಯನ್ನು ಹಿಂಗಿಸುವಲ್ಲಿ ಅದು ಹಗುರವಲ್ಲ. ‘ದ್ರವ್ಯರಾಶಿ 2 ಕಿ.ಗ್ರಾಂ. ಆಯಿತು’ ಎಂದು ಬರೆದ ಹುಡುಗನಿಗೆ ಈಗ ಅವನ 12 ಕಿಲೋವನ್ನು ಹಿಟ್ಟೆಂದು ಭಾವಿಸಲು ಹೇಳಿ, ‘ನೂರಿಪ್ಪತ್ತು ರೊಟ್ಟಿಗಳಲ್ಲಿ ನೂರು ಎಲ್ಲಿ ಹೋದವು?’ ಎಂದು ಕೇಳಬಹುದು. ಇನ್ನೂ ಮುಂದೆ ಹೋಗಿ, ಭೂಮಿಯ ಕಾಟಾದಲ್ಲಿ ‘1 ಕಿ.ಗ್ರಾಂ.’ ಎಂದು ಬರುವ ತನಕ ಹಿಟ್ಟು ಸುರಿಯುವ ಚಂದ್ರನ ಅಂಗಡಿಕಾರನಿಗೆ ಲಾಭವೋ ನಷ್ಟವೋ ಎಂದೂ ಕೇಳಬಹುದು. ಅವನು ಆರು ಕಿಲೋಗೂ ತುಸು ಹೆಚ್ಚು ಹಿಟ್ಟನ್ನು ಒಂದು ಕಿಲೋದ ಬೆಲೆಗೆ ಕೊಡುತ್ತಿದ್ದಾನೆ.

ಚಂದ್ರನಿಂದ ಬಂದ ಕಲ್ಲುಗಳು

ಕಲ್ಪನೆಗೆ ಒಪ್ಪದ ವಿದ್ಯಾರ್ಥಿಗೆ ನಿಜವಾಗಿ ನಡೆದ ಸಂಗತಿಯೊಂದಿದೆ. 1969 ರ ಜುಲೈಯಲ್ಲಿ ಅಪೊಲೊ 11 ರ ಯಾನಿಗಳು ಚಂದ್ರನಿಂದ ಸುಮಾರು 21.5 ಕಿ.ಗ್ರಾಂ. ಕಲ್ಲು ಮಣ್ಣುಗಳನ್ನು ತಂದರು. ಜುಲೈ 21 ರಂದು ಚಂದ್ರನ ನೆಲವನ್ನು ಬಿಟ್ಟು 24 ರಂದು ಸಾಗರದಲ್ಲಿ ಇಳಿದರು. ವಿದ್ಯಾರ್ಥಿಯ ನಿಯಮ ನಿಜವಾಗಿದ್ದರೆ ಚಂದ್ರನ ಮೇಲೆ ಆ ಕಲ್ಲುಗಳ ದ್ರವ್ಯರಾಶಿ ಸುಮಾರು 3.6 ಕಿ.ಗ್ರಾಂ. ಆಗಿರಬೇಕು. ಮುಚ್ಚಿದ ಪೆಟ್ಟಿಗೆಯಲ್ಲಿ, ಮೂರು ದಿನಗಳ ದಾರಿಯಲ್ಲಿ, ಉಳಿದ ಸುಮಾರು 18 ಕಿ.ಗ್ರಾಂ. ಕಲ್ಲು ಎಲ್ಲಿಂದ ಬಂತು? ತೂಕದ ಮಾತು ಬೇರೆ. ಅಲ್ಲಿ ಸುಮಾರು 35 ನ್ಯೂಟನ್ ಬಲದಿಂದ ಎತ್ತಬಹುದಾಗಿದ್ದ ಕಲ್ಲುಗಳನ್ನು ಇಲ್ಲಿ ಎತ್ತಲು ಸುಮಾರು 211 ನ್ಯೂಟನ್ ಬೇಕಾಯಿತು. ಕಲ್ಲು ಅದೇ, ಅದನ್ನು ಎಳೆಯುವ ಗೋಳ ಬೇರೆ.

ಇದೇ ಲೆಕ್ಕವನ್ನು ಹಿಂದುಮುಂದಾಗಿ ಮಾಡಿಸಲು ಚಂದ್ರಯಾನ-3 ಇದೆ. 2023 ರ ಆಗಸ್ಟ್ 23 ರಂದು ಚಂದ್ರನ ಮೇಲಿಳಿದ ವಿಕ್ರಮ್‌ನ ಒಳಗಿದ್ದ ಪ್ರಜ್ಞಾನ್ ರೋವರ್‌ನ ದ್ರವ್ಯರಾಶಿ 26 ಕಿ.ಗ್ರಾಂ. ಭೂಮಿಯ ಮೇಲೆ ಅದರ ತೂಕ ಸುಮಾರು 255 ನ್ಯೂಟನ್, ಚಂದ್ರನ ಮೇಲೆ ಸುಮಾರು 42 ನ್ಯೂಟನ್. ಪತ್ರಿಕೆಗಳಲ್ಲಿ ‘26 ಕಿಲೋ ತೂಕದ ರೋವರ್’ ಎಂದು ಬರೆದ ಕತ್ತರಿಕೆಯನ್ನು ಯಾರಾದರೂ ಇಟ್ಟುಕೊಂಡಿದ್ದರೆ ಅದನ್ನು ತರಗತಿಯಲ್ಲಿ ತಿದ್ದಿಸಬಹುದು.

ತಳ್ಳಿ ನೋಡುವ ದ್ರವ್ಯರಾಶಿ

ಇಲ್ಲಿಯವರೆಗಿನದು ದ್ರವ್ಯದ ಪ್ರಮಾಣದ ಮಾತು. ಅದರಲ್ಲಿಯೇ ನಿಂತರೆ ಪಾಠ ಅರ್ಧವಾಗುತ್ತದೆ. ‘ತೂಕವೇ ಕಡಿಮೆಯಾದ ಮೇಲೆ ದ್ರವ್ಯರಾಶಿ ಅಷ್ಟೇ ಇದೆ ಎಂದು ಅಲ್ಲಿ ಹೇಗೆ ಗೊತ್ತಾಗುತ್ತದೆ, ಗುರುಗಳೇ?’ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಾಗ ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ. ಪ್ರಶ್ನೆ ನ್ಯಾಯವಾದುದೇ. ವಸ್ತುವಿನ ಚಲನೆಯನ್ನು ಬದಲಿಸಲು ಹೋದಾಗ ಅದು ತೋರುವ ವಿರೋಧದಲ್ಲಿ, ಅಂದರೆ ಜಡತ್ವದಲ್ಲಿ, ಅದಕ್ಕೆ ಉತ್ತರವಿದೆ. ಚಂದ್ರನ ಮೇಲೆ ನಡೆದವರ ಅನುಭವವೂ ಇದೇ. ಭಾರವಾದ ಉಡುಪು ಹೊತ್ತೂ ಅವರಿಗೆ ಮೇಲೇಳುವುದು ಸುಲಭವಾಗಿತ್ತು, ಆದರೆ ಓಡುತ್ತಿದ್ದವರು ತಟ್ಟನೆ ನಿಲ್ಲಲು ಆಗುತ್ತಿರಲಿಲ್ಲ. ಎರಡು ಮೂರು ಹೆಜ್ಜೆ ಮೊದಲೇ ಸಿದ್ಧರಾಗಬೇಕಾಗುತ್ತಿತ್ತು. ಕೆಳಗೆ ಎಳೆಯುವ ತೂಕ ಕಡಿಮೆಯಾಗಿತ್ತು, ಮುಂದಕ್ಕೆ ನುಗ್ಗುತ್ತಿದ್ದ ದ್ರವ್ಯರಾಶಿ ಕಡಿಮೆಯಾಗಿರಲಿಲ್ಲ.

ಇದನ್ನು ತರಗತಿಯ ಮೇಜಿನ ಮೇಲೆಯೇ ತೋರಿಸಬಹುದು. ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡು ಒಂದು ಬೇಕು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಒಂದಡಿ ಉದ್ದದ್ದು. ಅದರ ಹಲ್ಲುಗಳ ಮೇಲೆ ಅಂಟುಪಟ್ಟಿ ಸುತ್ತಿ, ಒಂದು ತುದಿಯನ್ನು ಮೇಜಿನ ಅಂಚಿಗೆ ಗಟ್ಟಿಯಾಗಿ ಬಿಗಿಯಬೇಕು. ಬ್ಲೇಡಿನ ಅಗಲವಾದ ಮುಖವು ಪಕ್ಕಕ್ಕೆ ತಿರುಗಿರಬೇಕು, ಹಾಗಾದಾಗ ಅದು ಮೇಲೆ ಕೆಳಗೆ ಬಾಗದೆ ಎಡಕ್ಕೂ ಬಲಕ್ಕೂ ತೂಗಾಡುತ್ತದೆ. ಹೊರಚಾಚಿದ ತುದಿಗೆ 100 ಗ್ರಾಂ ಕಲ್ಲನ್ನು ಕಟ್ಟಿ, ಪಕ್ಕಕ್ಕೆ ಎಳೆದು ಬಿಟ್ಟು, ಇಪ್ಪತ್ತು ಆಂದೋಲನಗಳಿಗೆ ಹಿಡಿಯುವ ಕಾಲವನ್ನು ಅಳೆಯಬೇಕು. ಮೇಜಿನಿಂದ 25 ಸೆಂ.ಮೀ. ಹೊರಚಾಚಿದ ಬ್ಲೇಡಿಗೆ ಸುಮಾರು 12 ಸೆಕೆಂಡು ಬರುತ್ತದೆ. 200 ಗ್ರಾಂ ಕಟ್ಟಿದರೆ ಸುಮಾರು 17 ಸೆಕೆಂಡು. ಬ್ಲೇಡಿನ ದಪ್ಪಕ್ಕೆ ತಕ್ಕಂತೆ ಸಂಖ್ಯೆಗಳು ಬದಲಾಗಬಹುದು, ಆದರೆ ದ್ರವ್ಯರಾಶಿ ಹೆಚ್ಚಿದಾಗ ಆಂದೋಲನ ನಿಧಾನವಾಗುವುದು ಎಲ್ಲರ ಕಣ್ಣಿಗೂ ಕಾಣುತ್ತದೆ. ದ್ರವ್ಯರಾಶಿ ನಾಲ್ಕು ಪಟ್ಟಾದರೆ ಕಾಲವು ಎರಡು ಪಟ್ಟಿಗೆ ಹತ್ತಿರ ಬರುತ್ತದೆ.

ಚಲನೆಯು ಪಕ್ಕಕ್ಕೆ ನಡೆಯುವುದರಿಂದ ಗುರುತ್ವವು ಅದಕ್ಕೆ ಸಹಾಯವನ್ನೂ ಮಾಡುವುದಿಲ್ಲ, ಅಡ್ಡಿಯನ್ನೂ ಮಾಡುವುದಿಲ್ಲ. ಮಕ್ಕಳು ಇದನ್ನು ನಂಬದಿದ್ದರೆ ಛಾವಣಿಯ ತೊಲೆಯಿಂದ ಉದ್ದನೆಯ ದಾರ ಇಳಿಬಿಟ್ಟು, ಕಲ್ಲಿನ ಭಾರವನ್ನು ಆ ದಾರವೇ ಹೊರುವಂತೆ ಕಟ್ಟಿ, ಬ್ಲೇಡಿನ ತುದಿಗೆ ಕಲ್ಲನ್ನು ಅಂಟಿಸಿಯೇ ಇಟ್ಟು ಮತ್ತೆ ಎಣಿಸಬೇಕು. ಬ್ಲೇಡು ಈಗ ತೂಕವನ್ನು ಹೊತ್ತಿಲ್ಲ, ಆದರೂ ಕಾಲವು ಹೆಚ್ಚು ಕಡಿಮೆ ಮೊದಲಿನಷ್ಟೇ. ಈ ಭಾಗದಲ್ಲಿ ಒಂದು ತಪ್ಪು ಸುಲಭವಾಗಿ ಆಗುತ್ತದೆ. ದಾರ ಗಿಡ್ಡವಾಗಿದ್ದರೆ ಅದೇ ಲೋಲಕದಂತೆ ಕಲ್ಲನ್ನು ನಡುವಿಗೆ ಎಳೆಯತೊಡಗಿ ಕಾಲವು ಕಡಿಮೆಯಾಗುತ್ತದೆ. ದಾರ ಒಂದೂವರೆ ಮೀಟರಿಗಿಂತ ಉದ್ದವಿರಲಿ. ಕಲ್ಲನ್ನು ಬ್ಲೇಡಿನ ಒಂದು ಬದಿಗೆ ಮಾತ್ರ ಕಟ್ಟಿದರೆ ಬ್ಲೇಡು ತಿರುಚಿಕೊಂಡು ಎಣಿಕೆ ಕೆಡುತ್ತದೆ. ಎರಡೂ ಬದಿಗೆ ಸಮವಾಗಿ ಹಂಚಿ ಕಟ್ಟಬೇಕು.

ಈ ಬ್ಲೇಡನ್ನು ಚಂದ್ರನ ಮೇಲೆ ಒಯ್ದರೂ 200 ಗ್ರಾಂಗೆ ಅದೇ 17 ಸೆಕೆಂಡು ಬರುತ್ತದೆ. ತೂಕವೇ ತಿಳಿಯದ ಕಡೆಯಲ್ಲಿಯೂ ಬರುತ್ತದೆ. 1973 ರಲ್ಲಿ ಸ್ಕೈಲ್ಯಾಬ್ ನಿಲ್ದಾಣದ ಯಾನಿಗಳು ತಮ್ಮ ದೇಹದ ದ್ರವ್ಯರಾಶಿಯನ್ನು ಅಳೆದುಕೊಂಡದ್ದು ಇದೇ ತತ್ತ್ವದಿಂದ, ಸ್ಪ್ರಿಂಗಿಗೆ ಜೋಡಿಸಿದ ಕುರ್ಚಿಯೊಂದರಲ್ಲಿ ಕುಳಿತು ಹಿಂದಕ್ಕೂ ಮುಂದಕ್ಕೂ ಆಂದೋಲಿಸುವ ಮೂಲಕ.

ಮರುಪರೀಕ್ಷೆಗೆ

ಮರುಪರೀಕ್ಷೆಯಲ್ಲಿ ‘ಚಂದ್ರನ ಮೇಲೆ ದ್ರವ್ಯರಾಶಿ ಬದಲಾಗುತ್ತದೆಯೇ?’ ಎಂದು ನೇರವಾಗಿ ಕೇಳಬಾರದು. ಅದಕ್ಕೆ ‘ಇಲ್ಲ’ ಎಂದು ಬರೆಯಲು ತಿಳಿವಳಿಕೆ ಬೇಕಾಗಿಲ್ಲ. ನಾನು ಈಗ ಬಳಸುವ ಪ್ರಶ್ನೆ ಇದು: ‘ಚಂದ್ರನ ಮೇಲೆ ಸ್ಪ್ರಿಂಗ್ ತಕ್ಕಡಿಗೆ ನೇತುಹಾಕಿದ ಚೀಲವೊಂದು 8 ನ್ಯೂಟನ್ ತೋರಿಸುತ್ತದೆ. ಅಲ್ಲಿ g = 1.6 ಮೀ./ಸೆ². ಈ ಚೀಲವನ್ನು ಭೂಮಿಗೆ ತಂದು ಎರಡು ತಟ್ಟೆಗಳ ತಕ್ಕಡಿಯಲ್ಲಿಟ್ಟರೆ ಎಷ್ಟು ಕಿ.ಗ್ರಾಂ. ಕಲ್ಲು ಬೇಕು? ಅದೇ ತಕ್ಕಡಿಯನ್ನು ಚಂದ್ರನ ಮೇಲೆ ಬಳಸಿದ್ದರೆ ಎಷ್ಟು ಕಲ್ಲು ಬೇಕಾಗುತ್ತಿತ್ತು?’

ಎರಡಕ್ಕೂ ಉತ್ತರ 5 ಕಿ.ಗ್ರಾಂ. ಮೊದಲನೆಯದಕ್ಕೆ 5 ಎಂದೂ ಎರಡನೆಯದಕ್ಕೆ ಐದರ ಆರನೆಯ ಒಂದು ಭಾಗವೆಂದೂ ಬರೆದವನು ಸೂತ್ರವನ್ನು ಕಲಿತಿದ್ದಾನೆ, ತಕ್ಕಡಿಯನ್ನು ಕಲಿತಿಲ್ಲ. ಅವನನ್ನು ಮತ್ತೆ ಹಿಟ್ಟಿನ ಅಂಗಡಿಗೆ ಕರೆದೊಯ್ಯಬೇಕು. ಮೊದಲನೆಯದಕ್ಕೇ 30 ಎಂದು ಬರೆದವಳು 8 ÷ 1.6 ರಿಂದ 5 ಅನ್ನು ಸರಿಯಾಗಿ ಪಡೆದು, ಭೂಮಿಗೆ ಬಂದೊಡನೆ ಅದನ್ನು ಆರರಿಂದ ಗುಣಿಸಿದ್ದಾಳೆ. ಮೊದಲ ಪರೀಕ್ಷೆಯಲ್ಲಿ 3.2 ನ್ಯೂಟನ್ ಎಂದು ಬರೆದದ್ದು ಇವಳೇ ಆಗಿರುವ ಸಂಭವ ಹೆಚ್ಚು. ಆಕೆಯ ಎರಡೂ ಉತ್ತರಪತ್ರಿಕೆಗಳನ್ನು ಅಕ್ಕಪಕ್ಕದಲ್ಲಿಟ್ಟು, ಎರಡರಲ್ಲಿಯೂ m ಎಂಬ ಅಕ್ಷರದ ಕೆಳಗೆ ಗೆರೆ ಎಳೆಯಲು ಅವಳಿಗೇ ಹೇಳಬೇಕು.